ಕರೆಂಟ್ ಬೇಡ, ಡೀಸೆಲ್ ಬೇಡ: ಹಳ್ಳದ ನೀರನ್ನು ಗುಡ್ಡದ ತೋಟಕ್ಕೆ ಏರಿಸುವ ರ‍್ಯಾಮ್ ಪಂಪ್ ಕಟ್ಟುವುದು ಹೇಗೆ?

ಹೈದರಾಬಾದ್: ಮಲೆನಾಡು ಮತ್ತು ಕರಾವಳಿಯ ಅನೇಕ ತೋಟಗಳದ್ದು ಒಂದೇ ಗೋಳು. ಕೆಳಗೆ ಹಳ್ಳದಲ್ಲಿ ನೀರು ಹರಿಯುತ್ತಿರುತ್ತದೆ, ಮೇಲೆ ಗುಡ್ಡದ ಇಳಿಜಾರಿನಲ್ಲಿ ಗಿಡ ಒಣಗುತ್ತಿರುತ್ತದೆ. ನಡುವೆ ವಿದ್ಯುತ್ ಕಂಬವಿಲ್ಲ. ಇದ್ದರೂ ಬೇಸಿಗೆಯಲ್ಲಿ ಕರೆಂಟ್ ಬರುವುದು ಯಾವಾಗಲೋ. ಇಂತಹ ಕಡೆ ಇನ್ನೂರು ವರ್ಷಗಳಿಗೂ ಹಳೆಯ ಒಂದು ಯಂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ. ಅದೇ ಹೈಡ್ರಾಲಿಕ್ ರ‍್ಯಾಮ್ ಪಂಪ್. ಹರಿಯುವ ನೀರಿನ ರಭಸದಿಂದಲೇ ಓಡುವ ಇದರಲ್ಲಿ ಮೋಟಾರ್ ಇಲ್ಲ, ಚಲಿಸುವ ಭಾಗಗಳು ಎರಡೇ. ಪೇಟೆಯ ಹಾರ್ಡ್‌ವೇರ್ ಅಂಗಡಿಯ ಸಾಮಾನಿನಿಂದಲೇ ಇದನ್ನು ಕಟ್ಟಬಹುದು.

ಆದರೆ ಕಟ್ಟಿದ ಪಂಪ್‌ಗಳಲ್ಲಿ ಹಲವು ಒಂದೇ ಬೇಸಿಗೆಗೆ ಮೂಲೆ ಸೇರುತ್ತವೆ. ಹೆಚ್ಚಿನ ಸಲ ತಪ್ಪು ಪಂಪ್‌ನಲ್ಲಿ ಇರುವುದಿಲ್ಲ, ಕಟ್ಟುವ ಮೊದಲು ಮಾಡಬೇಕಿದ್ದ ಅಳತೆಯಲ್ಲಿ ಇರುತ್ತದೆ.

ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ?: ರ‍್ಯಾಮ್ ಪಂಪ್‌ಗೆ ಎರಡು ಸಂಗತಿ ಒಟ್ಟಿಗೆ ಬೇಕು. ಒಂದು, ನಿಲ್ಲದೆ ಹರಿಯುವ ನೀರು. ಎರಡು, ಆ ನೀರು ಕನಿಷ್ಠ ಒಂದೂವರೆ, ಎರಡು ಮೀಟರ್ ಕೆಳಗೆ ಬೀಳಲು ಜಾಗ. ಬಾವಿ, ಕೊಳವೆ ಬಾವಿ ಅಥವಾ ಕೃಷಿ ಹೊಂಡದ ನಿಂತ ನೀರನ್ನು ಇದು ಎತ್ತಲಾರದು.

ಹೈದರಾಬಾದ್ ಸುತ್ತಮುತ್ತ ಬಂಡೆಗುಡ್ಡಗಳಿಗೆ ಕೊರತೆಯಿಲ್ಲ. ಆದರೆ ದಖನ್ ಪ್ರಸ್ಥಭೂಮಿಯ ಹಳ್ಳಗಳು ಮಳೆಗಾಲ ಮುಗಿದ ಕೆಲವೇ ವಾರಗಳಲ್ಲಿ ಬತ್ತುವುದರಿಂದ, ಅಲ್ಲಿ ಕೆರೆಯ ತೂಬಿನಿಂದ ನೀರು ಹರಿಯುವ ದಿನಗಳಲ್ಲಿ ಮಾತ್ರ ಇಂತಹ ಪಂಪ್ ಓಡಿಸಬಹುದು. ವರ್ಷದ ಬಹುಪಾಲು ತೊರೆ ಹರಿಯುವ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗುಡ್ಡಗಳೇ ಇದಕ್ಕೆ ತಕ್ಕ ನೆಲ.

ಅಲ್ಲೂ ಮೊದಲು ನೋಡಬೇಕಾದ್ದು ತೋಟಕ್ಕಿಂತ ಮೇಲೆ ನೀರಿದೆಯೇ ಎಂದು. ಮೇಲೆ ಅಬ್ಬಿಯೋ ಸುರಂಗವೋ ಇದ್ದರೆ ಪೈಪ್ ಎಳೆದರೆ ಸಾಕು, ನೀರು ತಾನಾಗಿ ಇಳಿದು ಬರುತ್ತದೆ. ಬಂಟ್ವಾಳ ತಾಲೂಕಿನ ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಹಲವು ಬಾರಿ ಸೋತು, ಕೊನೆಗೆ ನೀರು ಕಂಡು ತೋಟ ಎಬ್ಬಿಸಿದ್ದು ಹೀಗೆಯೇ. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಮೇಲೆ ನೀರಿಲ್ಲದೆ, ಕೆಳಗೆ ಮಾತ್ರ ಹರಿಯುತ್ತಿದ್ದರೆ ಆಗ ರ‍್ಯಾಮ್ ಪಂಪ್‌ನ ಮಾತು.

ಕೆಲಸ ಮಾಡುವುದು ಹೇಗೆ?: ನಲ್ಲಿಯನ್ನು ಥಟ್ಟನೆ ಮುಚ್ಚಿದಾಗ ಪೈಪ್ 'ಡಬ್' ಎಂದು ಸದ್ದು ಮಾಡುವುದನ್ನು ಎಲ್ಲರೂ ಕೇಳಿರುತ್ತಾರೆ. ವೇಗವಾಗಿ ಹರಿಯುತ್ತಿದ್ದ ನೀರು ಒಮ್ಮೆಲೇ ನಿಂತಾಗ ಪೈಪ್ ಒಳಗೆ ಒತ್ತಡ ಕ್ಷಣಕಾಲ ಹಲವು ಪಟ್ಟು ಏರುತ್ತದೆ. ರ‍್ಯಾಮ್ ಪಂಪ್ ಬಳಸಿಕೊಳ್ಳುವುದು ಈ ಏಟನ್ನೇ.

ಮೇಲಿನ ತೊಟ್ಟಿಯಿಂದ ಡ್ರೈವ್ ಪೈಪ್ ಮೂಲಕ ಇಳಿದ ನೀರು ಮೊದಲು 'ವೇಸ್ಟ್ ವಾಲ್ವ್' ಎಂಬ ತೆರೆದ ಬಾಯಿಂದ ಹೊರಗೆ ಚಿಮ್ಮುತ್ತದೆ. ಹರಿವಿನ ವೇಗ ಹೆಚ್ಚುತ್ತಿದ್ದಂತೆ ನೀರೇ ಆ ವಾಲ್ವ್‌ನ ಮುಚ್ಚಳವನ್ನು ಎಳೆದು ಮುಚ್ಚುತ್ತದೆ. ಹೋಗಲು ದಾರಿಯಿಲ್ಲದ ನೀರು ಎರಡನೇ ವಾಲ್ವ್ ಅನ್ನು ತಳ್ಳಿಕೊಂಡು ಏರ್ ಚೇಂಬರ್‌ಗೆ ನುಗ್ಗುತ್ತದೆ. ಅಲ್ಲಿರುವ ಗಾಳಿ ಸ್ಪ್ರಿಂಗ್‌ನಂತೆ ಒತ್ತಿಕೊಂಡು, ನೀರನ್ನು ಡೆಲಿವರಿ ಪೈಪ್‌ನಲ್ಲಿ ಮೇಲಕ್ಕೆ ದೂಡುತ್ತದೆ. ಏಟಿನ ಬಲ ಮುಗಿದ ಕೂಡಲೇ ಡ್ರೈವ್ ಪೈಪ್‌ನ ನೀರು ಒಂದಿಷ್ಟು ಹಿಂದಕ್ಕೆ ಪುಟಿಯುತ್ತದೆ, ವೇಸ್ಟ್ ವಾಲ್ವ್ ಮತ್ತೆ ತೆರೆಯುತ್ತದೆ. ನಿಮಿಷಕ್ಕೆ 40ರಿಂದ 90 ಬಾರಿ, ಹಗಲು ರಾತ್ರಿ ಇದು ನಡೆಯುತ್ತಲೇ ಇರುತ್ತದೆ.

ಇಂಗ್ಲೆಂಡ್‌ನ ಜಾನ್ ವೈಟ್‌ಹರ್ಸ್ಟ್ 1772ರಲ್ಲಿ ಕಟ್ಟಿದ ಯಂತ್ರದಲ್ಲಿ ನಲ್ಲಿಯನ್ನು ಕೈಯಿಂದ ತೆರೆದು ಮುಚ್ಚಬೇಕಿತ್ತು. ಅದನ್ನು ತಾನಾಗಿ ಬಡಿಯುವಂತೆ 1796ರಲ್ಲಿ ಮಾಡಿದವರು ಬಿಸಿಗಾಳಿ ಬಲೂನಿನಿಂದ ಹೆಸರಾದ ಫ್ರಾನ್ಸ್‌ನ ಜೋಸೆಫ್ ಮಾಂಟ್‌ಗಾಲ್ಫಿಯರ್. ಫಿಲಿಪ್ಪೀನ್ಸ್‌ನ ನೀಗ್ರೋಸ್ ದ್ವೀಪದ ಎಐಡಿಎಫ್‌ಐ ಸಂಸ್ಥೆ ಇದೇ ಯಂತ್ರವನ್ನು ಸ್ಥಳೀಯವಾಗಿ ತಯಾರಿಸಿ ಗುಡ್ಡದ ಊರುಗಳಿಗೆ ನೀರು ಒದಗಿಸಿದೆ. ಆ ಸಂಸ್ಥೆಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತ್ತು.

ಮೊದಲು ಅಳತೆ, ಅದೂ ಏಪ್ರಿಲ್‌ನಲ್ಲಿ: ಅಳೆಯಬೇಕಾದ್ದು ಮೂರು: ಹಳ್ಳದ ಹರಿವು, ನೀರು ಬೀಳುವ ಎತ್ತರ, ನೀರು ಏರಬೇಕಾದ ಎತ್ತರ.

ಹರಿವು ಅಳೆಯಲು ಹಳ್ಳಕ್ಕೆ ಮಣ್ಣಿನ ಚಿಕ್ಕ ಕಟ್ಟ ಹಾಕಿ, ನೀರೆಲ್ಲ ಒಂದು ಪೈಪ್‌ನಿಂದ ಬೀಳುವಂತೆ ಮಾಡಬೇಕು. ಅದರ ಕೆಳಗೆ 20 ಲೀಟರ್ ಕ್ಯಾನ್ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಬೇಕೆಂದು ಮೊಬೈಲ್‌ನಲ್ಲಿ ನೋಡಿದರೆ ಸಾಕು. 33 ಸೆಕೆಂಡ್ ತೆಗೆದುಕೊಂಡರೆ ಹರಿವು ನಿಮಿಷಕ್ಕೆ ಸುಮಾರು 36 ಲೀಟರ್. ಎತ್ತರಗಳನ್ನು ಅಳೆಯಲು ಗಾರೆ ಕೆಲಸದವರು ಬಳಸುವ ಪಾರದರ್ಶಕ ಲೆವೆಲ್ ಪೈಪ್ ಸಾಕು. ಒಂದೊಂದು ಮಜಲಾಗಿ ಅಳೆದು ಕೂಡಿಸುತ್ತಾ ಹೋಗಬೇಕು. ಎರಡೂ ಎತ್ತರಗಳನ್ನು ಪಂಪ್ ಕೂರಿಸುವ ಜಾಗದಿಂದಲೇ ಲೆಕ್ಕ ಹಾಕಬೇಕು.

ಹರಿವನ್ನು ಅಕ್ಟೋಬರ್‌ನಲ್ಲಿ ಅಳೆಯುವುದೇ ಅನೇಕರು ಮಾಡುವ ತಪ್ಪು. ಆಗ ಹಳ್ಳ ತುಂಬಿರುತ್ತದೆ, ಲೆಕ್ಕ ಚೆನ್ನಾಗಿ ಬರುತ್ತದೆ. ಆದರೆ ತೋಟಕ್ಕೆ ನೀರು ಬೇಕಾಗುವುದು ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ. ಆ ದಿನಗಳ ಹರಿವೇ ಪಂಪ್‌ನ ಗಾತ್ರವನ್ನು ನಿರ್ಧರಿಸಬೇಕು.

ಒಂದು ಲೆಕ್ಕ: ಏಪ್ರಿಲ್‌ನಲ್ಲಿ ನಿಮಿಷಕ್ಕೆ 36 ಲೀಟರ್ ಹರಿಯುವ ಹಳ್ಳವಿದೆ, ನೀರು 3 ಮೀಟರ್ ಬೀಳುತ್ತದೆ, ಪಂಪ್‌ನಿಂದ 24 ಮೀಟರ್ ಮೇಲಿನ ಟ್ಯಾಂಕಿಗೆ ಏರಬೇಕು ಎಂದಿಟ್ಟುಕೊಳ್ಳೋಣ. ಏರುವ ನೀರಿನ ಲೆಕ್ಕ ಹೀಗೆ:

ಏರುವ ನೀರು = ಹರಿವು × ಬೀಳುವ ಎತ್ತರ ÷ ಏರುವ ಎತ್ತರ × ದಕ್ಷತೆ

ಅಂಗಡಿ ಸಾಮಾನಿನಿಂದ ಕಟ್ಟಿದ ಪಂಪ್‌ಗೆ ಅರ್ಧದಷ್ಟು, ಅಂದರೆ 0.5 ದಕ್ಷತೆ ಹಿಡಿಯುವುದು ಕ್ಷೇಮ. 36 × 3 ÷ 24 × 0.5 ಎಂದರೆ ನಿಮಿಷಕ್ಕೆ 2.25 ಲೀಟರ್. ಉಳಿದ ಸುಮಾರು 34 ಲೀಟರ್ ವೇಸ್ಟ್ ವಾಲ್ವ್‌ನಿಂದ ಮರಳಿ ಹಳ್ಳಕ್ಕೆ ಹೋಗುತ್ತದೆ. ಎರಡೂಕಾಲು ಲೀಟರ್ ಎಂದರೆ ಕಿರುಬೆರಳಿನಷ್ಟು ಧಾರೆ. ಆದರೆ ಅದು 24 ಗಂಟೆಯೂ ಬೀಳುವುದರಿಂದ ದಿನಕ್ಕೆ 3,240 ಲೀಟರ್ ಆಗುತ್ತದೆ.

ಇದರಿಂದ ಎಷ್ಟು ತೋಟ ಉಳಿಯುತ್ತದೆ? ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 20 ಲೀಟರ್ ಎಂದು ಹಿಡಿದರೆ ಸುಮಾರು 160 ಮರಗಳಿಗೆ ಸಾಕು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 550 ಮರಗಳಿರುತ್ತವೆ. ಅಂದರೆ ಈ ಪಂಪ್ ಮೂರನೇ ಒಂದು ಎಕರೆಗೂ ಸ್ವಲ್ಪ ಕಡಿಮೆ ಜಾಗವನ್ನು ಸಾಕುತ್ತದೆ. ಹಳ್ಳದ ಹರಿವು 12 ಲೀಟರ್‌ಗೆ ಇಳಿದರೆ ದಿನದ ನೀರು 1,080 ಲೀಟರ್‌ಗೆ, ಮರಗಳ ಸಂಖ್ಯೆ 54ಕ್ಕೆ ಇಳಿಯುತ್ತದೆ. ಸ್ಪ್ರಿಂಕ್ಲರ್ ಓಡಿಸುವ ಆಸೆ ಇದ್ದವರು ಇಲ್ಲಿಯೇ ನಿಲ್ಲುವುದು ಒಳ್ಳೆಯದು.

ಖರ್ಚಿನ ಲೆಕ್ಕವೂ ಹೀಗೆಯೇ. 3,240 ಲೀಟರ್ ನೀರನ್ನು 24 ಮೀಟರ್ ಏರಿಸಲು ಸಾಮಾನ್ಯ ಮೋಟಾರ್‌ಗೆ ಬೇಕಾಗುವುದು ಹೆಚ್ಚುಕಡಿಮೆ ಅರ್ಧ ಯುನಿಟ್ ವಿದ್ಯುತ್. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವೂ ಹೌದು. ಹಾಗಾಗಿ ಬಿಲ್ ಉಳಿಸಲೆಂದು ರ‍್ಯಾಮ್ ಪಂಪ್ ಕಟ್ಟುವುದರಲ್ಲಿ ಅರ್ಥವಿಲ್ಲ. ಲೈನ್ ಬಾರದ, ಬಂದರೂ ಮಳೆಗಾಳಿಗೆ ಕಂಬ ಉರುಳಿ ವಾರಗಟ್ಟಲೆ ಕತ್ತಲಾಗುವ ಜಾಗಕ್ಕೆ ಇದು ಸರಿ.

ಪೈಪ್ ಆಯ್ಕೆ: ಮೇಲಿನ ಲೆಕ್ಕದ ಹಳ್ಳಕ್ಕೆ ಒಂದೂವರೆ ಇಂಚಿನ ಡ್ರೈವ್ ಪೈಪ್ ಹೊಂದುತ್ತದೆ. ಅದರ ಉದ್ದ ಬೀಳುವ ಎತ್ತರದ ನಾಲ್ಕರಿಂದ ಏಳು ಪಟ್ಟು ಇರಬೇಕು. 3 ಮೀಟರ್ ಬೀಳುವಲ್ಲಿ 15 ಮೀಟರ್ ಪೈಪ್ ಸಾಕು. ತೀರಾ ಚಿಕ್ಕದಾದರೆ ಏಟಿಗೆ ಬಲ ಬರುವುದಿಲ್ಲ, ತೀರಾ ಉದ್ದವಾದರೆ ಘರ್ಷಣೆಯಲ್ಲಿ ವೇಗ ಸೋರಿಹೋಗುತ್ತದೆ.

ಡ್ರೈವ್ ಪೈಪ್ ಜಿಐ ಆಗಿರಬೇಕು. ಪಿವಿಸಿ ಅಥವಾ ಕಪ್ಪು ಎಚ್‌ಡಿಪಿಇ ಪೈಪ್ ಹಾಕಿದರೆ ಪ್ರತಿ ಏಟಿಗೂ ಪೈಪ್ ತುಸು ಹಿಗ್ಗಿ, ನೀರನ್ನು ಏರಿಸಬೇಕಿದ್ದ ಬಲವನ್ನು ತಾನೇ ನುಂಗುತ್ತದೆ. ಪಂಪ್ ಬಡಿಯುತ್ತದೆ, ಟ್ಯಾಂಕಿಗೆ ಬರುವ ನೀರು ಮಾತ್ರ ಕಡಿಮೆಯಾಗುತ್ತದೆ. ಪೈಪ್ ಮೇಲಿಂದ ಕೆಳಕ್ಕೆ ಒಂದೇ ಸಮನೆ ಇಳಿಯಬೇಕು. ನಡುವೆ ಉಬ್ಬಿದ್ದರೆ ಅಲ್ಲಿ ಗಾಳಿ ಸೇರಿಕೊಂಡು ಏಟು ಮೆತ್ತಗಾಗುತ್ತದೆ.

ಹಳ್ಳ ಸಪಾಟಾಗಿ ಹರಿಯುತ್ತಿದ್ದು, 3 ಮೀಟರ್ ಇಳಿಜಾರು ಸಿಗಲು ನೂರು ಮೀಟರ್ ಹೋಗಬೇಕಾದರೆ ಅಷ್ಟುದ್ದ ಜಿಐ ಪೈಪ್ ಹಾಕಬಾರದು. ಎರಡೂವರೆ ಇಂಚಿನ ಪಿವಿಸಿ ಪೈಪ್‌ನಲ್ಲಿ ನೀರನ್ನು ಪಂಪ್‌ನ ಸಮೀಪದವರೆಗೆ, ಹೆಚ್ಚು ಇಳಿಯದಂತೆ, ತಂದು 200 ಲೀಟರ್ ಡ್ರಮ್‌ಗೆ ಬಿಡಬೇಕು. ಡ್ರೈವ್ ಪೈಪ್ ಆ ಡ್ರಮ್‌ನಿಂದ ಹೊರಡಬೇಕು. ಪೈಪ್‌ನ ಬಾಯಿ ನೀರಿನ ಮಟ್ಟಕ್ಕಿಂತ ಒಂದು ಅಡಿ ಕೆಳಗಿರಲಿ, ತಳದಿಂದ ಅರ್ಧ ಅಡಿ ಮೇಲಿರಲಿ. ಹೀಗಾದರೆ ಗಾಳಿಯೂ ಒಳಹೋಗುವುದಿಲ್ಲ, ಮರಳೂ ಹೋಗುವುದಿಲ್ಲ. ಎಲೆ, ಕಸ ತಡೆಯಲು ಬಾಯಿಗೆ ಜಾಲರಿ ಬೇಕೇ ಬೇಕು.

ಡೆಲಿವರಿಗೆ ಮುಕ್ಕಾಲು ಇಂಚಿನ ಎಚ್‌ಡಿಪಿಇ ಪೈಪ್ ಸಾಕು. 24 ಮೀಟರ್ ಎತ್ತರದ ನೀರು ಪಂಪ್ ಬಳಿ ಪ್ರತಿ ಚದರ ಸೆಂಟಿಮೀಟರ್‌ಗೆ ಸುಮಾರು 2.4 ಕಿಲೋ ಒತ್ತಡ ಹಾಕುತ್ತದೆ. ಅದಕ್ಕೆ 6 ಕಿಲೋ ದರ್ಜೆಯ ಪೈಪ್ ಕೇಳಿ ಕೊಳ್ಳಬೇಕು.

ಪಂಪ್ ಜೋಡಣೆ: ಬೇಕಾಗುವ ಮುಖ್ಯ ಸಾಮಾನುಗಳು ಒಂದೂವರೆ ಇಂಚಿನ ಎರಡು ಜಿಐ ಟಿ, ಒಂದು ಹಿತ್ತಾಳೆ ಸ್ವಿಂಗ್ ಚೆಕ್ ವಾಲ್ವ್, ಒಂದು ಸ್ಪ್ರಿಂಗ್ ಎನ್‌ಆರ್‌ವಿ, ಒಂದು ಬಾಲ್ ವಾಲ್ವ್, ಒಂದು ಯೂನಿಯನ್, ಡೆಲಿವರಿಗೆ ರೆಡ್ಯೂಸರ್ ಮತ್ತು ಗೇಟ್ ವಾಲ್ವ್. ಏರ್ ಚೇಂಬರ್‌ಗೆ ಮೂರು ಇಂಚಿನ, ಎರಡು ಅಡಿ ಉದ್ದದ ಜಿಐ ಪೈಪ್ ತುಂಡು, ಅದಕ್ಕೆ ಮೇಲೊಂದು ಕ್ಯಾಪ್, ಕೆಳಗೊಂದು ರೆಡ್ಯೂಸರ್.

ಡ್ರೈವ್ ಪೈಪ್‌ನ ತುದಿಗೆ ಮೊದಲು ಬಾಲ್ ವಾಲ್ವ್, ನಂತರ ಯೂನಿಯನ್, ನಂತರ ಮೊದಲ ಟಿ. ಈ ಟಿಯ ಬಾಯಿ ಮೇಲಕ್ಕಿರಬೇಕು. ಅದರ ಮೇಲೆ ಸ್ವಿಂಗ್ ಚೆಕ್ ವಾಲ್ವ್ ಅನ್ನು ಬಾಣದ ಗುರುತು ಕೆಳಮುಖವಾಗಿ ಇರುವಂತೆ ತಿರುಗಿಸಿ ಕೂರಿಸಬೇಕು. ಇದೇ ವೇಸ್ಟ್ ವಾಲ್ವ್. ಹೀಗೆ ಕೂರಿಸಿದಾಗ ಒಳಗಿನ ಮುಚ್ಚಳ ತನ್ನ ಭಾರಕ್ಕೆ ಕೆಳಗೆ ಜೋತು ತೆರೆದೇ ಇರುತ್ತದೆ, ಮೇಲೇರುವ ನೀರು ಅದನ್ನು ಮುಚ್ಚುತ್ತದೆ. ಬಾಣ ಮೇಲಕ್ಕಿದ್ದರೆ ಪಂಪ್ ಎಂದಿಗೂ ಬಡಿಯದು.

ಮೊದಲ ಟಿಯ ಇನ್ನೊಂದು ಬದಿಗೆ ಎನ್‌ಆರ್‌ವಿ, ಅದರ ಬಾಣ ಡೆಲಿವರಿ ಕಡೆಗೆ. ಅದಾದ ಮೇಲೆ ಎರಡನೇ ಟಿ. ಅದರ ಮೇಲ್ಬಾಯಿಗೆ ಏರ್ ಚೇಂಬರ್ ನೆಟ್ಟಗೆ ನಿಲ್ಲಬೇಕು, ಉಳಿದ ಬಾಯಿಗೆ ರೆಡ್ಯೂಸರ್, ಗೇಟ್ ವಾಲ್ವ್ ಮತ್ತು ಡೆಲಿವರಿ ಪೈಪ್. ಎಲ್ಲ ಜೋಡಣೆಗೂ ಟೆಫ್ಲಾನ್ ಟೇಪ್ ಬಿಗಿಯಾಗಿ ಸುತ್ತಬೇಕು.

ಏರ್ ಚೇಂಬರ್‌ನ ಗಾಳಿ ದಿನ ಕಳೆದಂತೆ ನೀರಿನಲ್ಲಿ ಕರಗಿಹೋಗುತ್ತದೆ. ಅದನ್ನು ತಪ್ಪಿಸಲು ಸೈಕಲ್ ಟ್ಯೂಬಿಗೆ ಅಲ್ಪ ಗಾಳಿ ತುಂಬಿ, ಮೆತ್ತಗಿರುವಾಗಲೇ ಮಡಚಿ ಚೇಂಬರ್ ಒಳಗೆ ತುರುಕಿ ಕ್ಯಾಪ್ ಹಾಕುವುದು ಸುಲಭ ಉಪಾಯ. ಹಣ ಉಳಿಸಲು ಚೇಂಬರ್‌ಗೆ ಪಿವಿಸಿ ಬಳಸುವವರಿದ್ದಾರೆ. ಒತ್ತಿದ ಗಾಳಿ ತುಂಬಿದ ಪಿವಿಸಿ ಬಿಸಿಲಿಗೆ ಪೆಡಸಾಗಿ ಒಡೆದರೆ ಚೂರುಗಳು ಸಿಡಿಯುತ್ತವೆ. ಈ ಒಂದು ಭಾಗದಲ್ಲಿ ಜಿಪುಣತನ ಬೇಡ.

ಪ್ರತಿ ಏಟಿಗೂ ಪಂಪ್ ಅಲುಗುವುದರಿಂದ ಅದನ್ನು ಕಾಂಕ್ರೀಟ್ ಅಥವಾ ಬಂಡೆಗೆ ಬೋಲ್ಟ್ ಹಾಕಿ ಹಿಡಿಸಬೇಕು. ಹೊರಬಿದ್ದ ನೀರು ನಿಲ್ಲದೆ ಹಳ್ಳಕ್ಕೆ ಹರಿದುಹೋಗುವ ಚರಂಡಿ ಇರಬೇಕು. ವೇಸ್ಟ್ ವಾಲ್ವ್ ನೀರಿನಲ್ಲಿ ಮುಳುಗಿದರೆ ಬೀಳುವ ಎತ್ತರ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಶುರು ಮಾಡುವುದು: ಹೊಸದಾಗಿ ಕಟ್ಟಿದವರು ಹೆಚ್ಚಾಗಿ ಗಾಬರಿಯಾಗುವುದು ಇಲ್ಲಿ. ಬಾಲ್ ವಾಲ್ವ್ ತೆರೆದ ಕೂಡಲೇ ವೇಸ್ಟ್ ವಾಲ್ವ್ ಒಮ್ಮೆ ಬಡಿದು ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆಯುವುದಿಲ್ಲ. ಅದು ದೋಷವಲ್ಲ. ವಾಲ್ವ್ ತೆರೆಯಬೇಕಾದರೆ ನೀರು ಹಿಂದಕ್ಕೆ ಪುಟಿಯಬೇಕು, ಪುಟಿಯಬೇಕಾದರೆ ಎದುರಿನಿಂದ ಒತ್ತಡ ಇರಬೇಕು. ಡೆಲಿವರಿ ಪೈಪ್ ಖಾಲಿ ಇರುವಾಗ ಆ ಒತ್ತಡ ಇರುವುದಿಲ್ಲ.

ಅದಕ್ಕೆ ಮೊದಲು ಗೇಟ್ ವಾಲ್ವ್ ಮುಚ್ಚಬೇಕು. ಮೇಲಿನ ಬಾಯಿಂದ ಕೋಲು ಇಳಿಸಿ ವೇಸ್ಟ್ ವಾಲ್ವ್‌ನ ಮುಚ್ಚಳವನ್ನು ಕೆಳಕ್ಕೆ ಒತ್ತಬೇಕು. ನೀರು ಚಿಮ್ಮಿ ಮತ್ತೆ ಮುಚ್ಚುತ್ತದೆ, ಮತ್ತೆ ಒತ್ತಬೇಕು. ಇಪ್ಪತ್ತು, ಮೂವತ್ತು ಬಾರಿ ಹೀಗೆ ಮಾಡಿದ ಮೇಲೆ ಪಂಪ್ ತಾನಾಗಿ ಬಡಿಯತೊಡಗುತ್ತದೆ. ಆಗ ಗೇಟ್ ವಾಲ್ವ್ ಅನ್ನು ಸ್ವಲ್ಪಸ್ವಲ್ಪವೇ ತೆರೆಯುತ್ತಾ ಹೋಗಬೇಕು. ಡೆಲಿವರಿ ಪೈಪ್ ತುಂಬಿದ ಮೇಲೆ ಪೂರ್ತಿ ತೆರೆದರೂ ಬಡಿತ ನಿಲ್ಲದು. ನಿಲ್ಲಿಸಬೇಕೆಂದಾಗ ಬಾಲ್ ವಾಲ್ವ್ ಮುಚ್ಚಿದರಾಯಿತು.

ಬಡಿತದ ವೇಗವನ್ನು ಮುಚ್ಚಳದ ಭಾರದಿಂದ ಸರಿಹೊಂದಿಸಬಹುದು. ಮುಚ್ಚಳಕ್ಕೆ ವಾಷರ್ ಸೇರಿಸಿ ಭಾರ ಹೆಚ್ಚಿಸಿದರೆ ಬಡಿತ ನಿಧಾನವಾಗುತ್ತದೆ, ಪಂಪ್ ಹೆಚ್ಚು ನೀರು ಕುಡಿದು ಹೆಚ್ಚು ಏರಿಸುತ್ತದೆ. ಭಾರ ಕಡಿಮೆ ಮಾಡಿದರೆ ಬಡಿತ ಚುರುಕಾಗಿ, ಕಡಿಮೆ ಹರಿವಿನಲ್ಲೂ ಓಡುತ್ತದೆ. ಡ್ರಮ್‌ನ ನೀರಿನ ಮಟ್ಟ ಇಳಿಯದಂತೆ ಇರುವ ಭಾರವೇ ಸರಿಯಾದ ಭಾರ. ಕೊನೆಗೆ ಮೇಲಿನ ಟ್ಯಾಂಕ್ ಬಳಿ ಒಂದು ಲೀಟರ್ ಬಾಟಲಿ ಹಿಡಿಯಬೇಕು. ನಮ್ಮ ಲೆಕ್ಕದ ಪಂಪ್‌ನಲ್ಲಿ ಅದು ಸುಮಾರು 27 ಸೆಕೆಂಡ್‌ಗೆ ತುಂಬಬೇಕು. 40 ಸೆಕೆಂಡ್ ಮೀರಿದರೆ ಎಲ್ಲೋ ಬಲ ಸೋರುತ್ತಿದೆ ಎಂದರ್ಥ.

ಕೆಟ್ಟರೆ ಸದ್ದೇ ಹೇಳುತ್ತದೆ: ಬಡಿತ ನಿಂತು ವೇಸ್ಟ್ ವಾಲ್ವ್‌ನಿಂದ ನೀರು ಸುಮ್ಮನೆ ಹರಿಯುತ್ತಿದ್ದರೆ, ಮುಚ್ಚಳ ಮುಚ್ಚುವಷ್ಟು ವೇಗ ನೀರಿಗೆ ಬರುತ್ತಿಲ್ಲ. ಜಾಲರಿಗೆ ಎಲೆ ಕಟ್ಟಿದೆಯೇ, ಡ್ರಮ್ ಖಾಲಿಯಾಗಿದೆಯೇ ನೋಡಬೇಕು. ಎರಡೂ ಸರಿಯಿದ್ದರೆ ಹಳ್ಳ ಇಳಿದಿದೆ, ವಾಷರ್ ತೆಗೆಯಬೇಕು. ಹರಿವು 12 ಲೀಟರ್ ಆಸುಪಾಸಿಗೆ ಬಂದರೆ ಒಂದೂವರೆ ಇಂಚಿನ ಪಂಪ್ ಎಷ್ಟು ಹಗುರ ಮಾಡಿದರೂ ತಡವರಿಸಬಹುದು. ಅಂತಹ ಹಳ್ಳಕ್ಕೆ ಒಂದು ಇಂಚಿನ ಪಂಪ್ ಅನ್ನೇ ಕಟ್ಟಬೇಕಿತ್ತು.

ಸದ್ದು ಮೊದಲಿಗಿಂತ ಗಡುಸಾಗಿ, ಸುತ್ತಿಗೆಯಿಂದ ಹೊಡೆದಂತೆ ಕೇಳಿ ಡೆಲಿವರಿ ಪೈಪ್ ಕುಣಿಯುತ್ತಿದ್ದರೆ ಏರ್ ಚೇಂಬರ್‌ನಲ್ಲಿ ನೀರು ತುಂಬಿದೆ, ಟ್ಯೂಬ್ ಪಂಕ್ಚರ್ ಆಗಿದೆ. ಹಾಗೆಯೇ ಓಡಿಸಿದರೆ ಜೋಡಣೆ ಬಿರುಕು ಬಿಡುತ್ತದೆ. ಸದ್ದು ಮೆತ್ತಗಾಗಿ ಬಡಿತ ಏರುಪೇರಾದರೆ ಡ್ರೈವ್ ಪೈಪ್‌ಗೆ ಗಾಳಿ ಸೇರಿದೆ. ಬಡಿತ ಸರಿಯಾಗಿದ್ದೂ ಟ್ಯಾಂಕಿಗೆ ನೀರು ಬಾರದಿದ್ದರೆ ಹೆಚ್ಚಾಗಿ ಎನ್‌ಆರ್‌ವಿಯಲ್ಲಿ ಮರಳಿನ ಕಣ ಸಿಕ್ಕಿಕೊಂಡಿರುತ್ತದೆ. ಬಿಚ್ಚಿ ತೊಳೆದರೆ ಸರಿಹೋಗುತ್ತದೆ.

ಮಳೆಗಾಲಕ್ಕೆ ಮುನ್ನ: ಮೇ ಕೊನೆಯಲ್ಲಿ ಯೂನಿಯನ್ ಸಡಿಲಿಸಿ, ಡೆಲಿವರಿ ಪೈಪ್ ಕಳಚಿ ಪಂಪ್ ಅನ್ನು ಮನೆಗೆ ತರುವುದು ಲೇಸು. ಜೂನ್‌ನ ಮೊದಲ ನೆರೆಯಲ್ಲಿ ಉರುಳಿಬರುವ ಮರದ ದಿಮ್ಮಿಗೆ ಕಾಂಕ್ರೀಟ್ ಬುಡವೂ ನಿಲ್ಲದಿರಬಹುದು, ತೋಟಕ್ಕೂ ಆಗ ಈ ನೀರು ಬೇಡ. ಬೇಸಿಗೆಯಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಪಂಪ್‌ಗೆ ತಿರುಗಿಸಿದ ನೀರಿನ ಬಹುಪಾಲು ಹಳ್ಳಕ್ಕೆ ಮರಳುತ್ತದೆ ನಿಜ, ಆದರೆ ಕಟ್ಟದಿಂದ ಪಂಪ್‌ವರೆಗಿನ ನಡುವಿನ ಹಳ್ಳ ಒಣಗುತ್ತದೆ. ಆ ಜಾಗದಲ್ಲಿ ಬೇರೆಯವರ ಗುಂಡಿಯೋ ಕಟ್ಟವೋ ಇದ್ದರೆ, ಪೈಪ್ ಹೂಳುವ ಮೊದಲೇ ಅವರೊಡನೆ ಮಾತಾಡಿಕೊಳ್ಳಬೇಕು.